ಕನ್ವರ್ಟಿಬಲ್ ನೋಟ್: ನಾವು ಒಪ್ಪಿದ ಷರತ್ತುಗಳು

ಸಂಸ್ಥಾಪಕರಿಬ್ಬರಿಗೂ ನಮಸ್ಕಾರ.

ನಾವು ಮಾತಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ವಕೀಲರು ಒಪ್ಪಂದ ತಯಾರಿಸುವಾಗ ಇದನ್ನೇ ಇಟ್ಟುಕೊಳ್ಳಲಿ.

ನಾನು ಕಂಪನಿಗೆ 50 ಲಕ್ಷ ರೂಪಾಯಿ ಒಂದೇ ಕಂತಿನಲ್ಲಿ ಕೊಡುತ್ತೇನೆ. ವರ್ಷಕ್ಕೆ ಶೇ. 8 ಸರಳ ಬಡ್ಡಿ. ಬಡ್ಡಿಯನ್ನು ತಿಂಗಳು ತಿಂಗಳು ಕೊಡಬೇಕಿಲ್ಲ, ಅಸಲಿನ ಜೊತೆ ಸೇರಿ ಷೇರಾಗಲಿ. ಅವಧಿ 24 ತಿಂಗಳು.

ಬೆಲೆ

ಡಿಸ್ಕೌಂಟ್ ಶೇ. 20. ವ್ಯಾಲ್ಯುಯೇಶನ್ ಕ್ಯಾಪ್ 8 ಕೋಟಿ, ಪ್ರಿ-ಮನಿ. ಎರಡರಲ್ಲಿ ಯಾವುದರಿಂದ ಷೇರಿನ ಬೆಲೆ ಕಡಿಮೆ ಬರುತ್ತದೋ ಅದು ಮಾತ್ರ ಅನ್ವಯ. ಕ್ಯಾಪ್ ಬೆಲೆಯ ಮೇಲೆ ಮತ್ತೆ ಡಿಸ್ಕೌಂಟ್ ಇಲ್ಲ.

ಕ್ಯಾಪ್ ಬೆಲೆಗೆ ಈಗಿನ ಷೇರುಗಳ ಜೊತೆ ಉದ್ಯೋಗಿಗಳಿಗೆ ತೆಗೆದಿಟ್ಟ ಷೇರುಗಳನ್ನೂ ಸೇರಿಸಿ ಎಣಿಸಬೇಕು. ಈ ನೋಟಿನಿಂದ ಹುಟ್ಟುವ ಷೇರುಗಳು ಲೆಕ್ಕಕ್ಕಿಲ್ಲ. ಆಗ ಒಟ್ಟು 10 ಲಕ್ಷ ಷೇರು ಇದೆ ಅನ್ನೋಣ. ಕ್ಯಾಪ್ ಬೆಲೆ 80 ರೂ. 18 ತಿಂಗಳಿಗೆ ರೌಂಡ್ ಆದರೆ ಅಸಲು, ಬಡ್ಡಿ ಸೇರಿ 56 ಲಕ್ಷ. ಹೊಸಬರು ಷೇರಿಗೆ 120 ಕೊಟ್ಟರೆ ಡಿಸ್ಕೌಂಟ್ ಬೆಲೆ 96. ಕ್ಯಾಪ್ ಬೆಲೆಯೇ ಕಡಿಮೆ, ನನಗೆ 70,000 ಷೇರು. ಅವರು 90 ಮಾತ್ರ ಕೊಟ್ಟರೆ ಡಿಸ್ಕೌಂಟ್ ಬೆಲೆ 72, ಷೇರು 77,777. ಉಳಿಯುವ 56 ರೂ. ನಗದಾಗಿ ಕೊಡಿ.

ಒಂದು ವಿಷಯ ನಾನಾಗಿಯೇ ಬರೆಸುತ್ತಿದ್ದೇನೆ. 120ರ ಷೇರು ನನಗೆ 80ಕ್ಕೆ ಸಿಕ್ಕಿತು ಅನ್ನಿ. ಕಂಪನಿ ಮಾರಾಟವಾದಾಗ ಮೊದಲು ವಾಪಸ್ ಪಡೆಯುವ ನನ್ನ ಹಕ್ಕು ಷೇರಿಗೆ 80ರಷ್ಟೇ. ಇಲ್ಲದಿದ್ದರೆ 56 ಲಕ್ಷಕ್ಕೆ 84 ಲಕ್ಷದ ಹಕ್ಕು ಸುಮ್ನೆ ಸಿಕ್ಕಂತಾಗುತ್ತದೆ, ಅದು ನಿಮ್ಮ ಪಾಲಿನಿಂದಲೇ ಹೋಗುತ್ತದೆ ಅಲ್ವಾ?

ಷೇರಾಗುವುದು ಯಾವಾಗ

ಒಂದೇ ರೌಂಡಿನಲ್ಲಿ ಕನಿಷ್ಠ 2 ಕೋಟಿ ಹೊಸ ಹಣ ಬಂದರೆ ನೋಟ್ ತಾನಾಗಿಯೇ ಷೇರಾಗುತ್ತದೆ, ಯಾರ ಒಪ್ಪಿಗೆಯೂ ಬೇಡ. ಹಳೆಯ ನೋಟುಗಳು ಷೇರಾದ ಮೊತ್ತವನ್ನು ಈ 2 ಕೋಟಿಗೆ ಸೇರಿಸಬಾರದು. ರೌಂಡ್ ಅದಕ್ಕಿಂತ ಚಿಕ್ಕದಾದರೆ ಆಯ್ಕೆ ನನ್ನದು. ನೀವು ತಿಳಿಸಿದ 10 ದಿನದೊಳಗೆ ಹೇಳುತ್ತೇನೆ, ಹೇಳದಿದ್ದರೆ ನೋಟ್ ಹಾಗೇ ಮುಂದುವರಿಯುತ್ತದೆ.

ಅದಕ್ಕೂ ಮೊದಲೇ ಕಂಪನಿ ಮಾರಾಟವಾದರೆ ಅಸಲು, ಬಡ್ಡಿ ವಾಪಸ್ ಪಡೆಯುತ್ತೇನೆ, ಇಲ್ಲವೇ ಕ್ಯಾಪ್ ಬೆಲೆಗೆ ಷೇರು ಮಾಡಿಕೊಳ್ಳುತ್ತೇನೆ. ಯಾವುದರಲ್ಲಿ ಜಾಸ್ತಿ ಸಿಗುತ್ತದೋ ಅದು. ಅಸಲಿನ ಎರಡು ಪಟ್ಟು ಬೇಕು ಎಂಬ ಷರತ್ತು ನಾನು ಹಾಕಿಲ್ಲ.

24 ತಿಂಗಳಾದರೂ ರೌಂಡ್ ಆಗದಿದ್ದರೆ ಹಣ ವಾಪಸ್ ಕೊಡಿ ಎಂದು ಕುತ್ತಿಗೆ ಹಿಡಿಯುವುದಿಲ್ಲ, ಆ ಹೊತ್ತಿಗೆ ಕಂಪನಿಯಲ್ಲಿ ಅಷ್ಟು ಹಣ ಇರುವುದೂ ಅನುಮಾನ. ನೀವೂ ನಾನೂ ಬರೆದು ಒಪ್ಪಿದರೆ ಇನ್ನೂ 12 ತಿಂಗಳು ಮುಂದೂಡೋಣ. ಒಪ್ಪದಿದ್ದರೆ ಕ್ಯಾಪ್ ಬೆಲೆಗೆ ಸಾಮಾನ್ಯ ಷೇರಾಗಲಿ. ಕಂಪನಿ ಮುಚ್ಚಿದರೆ ಮಾತ್ರ ಇದು ಸಾಲ: ಷೇರುದಾರರಿಗಿಂತ ಮೊದಲು, ಅಡಮಾನವಿಲ್ಲದೆ ಸಾಲ ಕೊಟ್ಟ ಉಳಿದವರ ಸಾಲಿನಲ್ಲೇ ನನಗೂ ಪಾಲು.

ಮುಂದಿನ ನೋಟಿನಲ್ಲಿ ಬೇರೆಯವರಿಗೆ ಕಡಿಮೆ ಕ್ಯಾಪ್ ಅಥವಾ ಹೆಚ್ಚಿನ ಡಿಸ್ಕೌಂಟ್ ಕೊಟ್ಟರೆ ನನಗೂ ಅದೇ ಸಿಗಬೇಕು. ಮೂವರ ಸಹಿಯಾದ 7 ದಿನದೊಳಗೆ ಹಣ ಕಂಪನಿಯ ಖಾತೆಗೆ ಬರುತ್ತದೆ.