ಧಾರಾವಿ ಕುಟುಂಬದ ಕೇಸ್ ಮಂಡನೆ: ಶುಕ್ರವಾರ ಕೇಳುವ ಪ್ರಶ್ನೆಗಳು

ಸಮಾಜಕಾರ್ಯದ ಕ್ಷೇತ್ರಕಾರ್ಯಕ್ಕೆ ನೀವು ಹೋಗುತ್ತಿರುವ ಧಾರಾವಿಯ ಮನೆಯ ವರದಿ ಓದಿದೆ. ಯಾದಗಿರಿ ಕಡೆಯ ಕುಟುಂಬ, ತಂದೆಗೆ ಟಿಬಿ, ತಾಯಿಗೆ ಮನೆಗೆಲಸ, 13 ವರ್ಷದ ಮಗಳು ಶಾಲೆ ಬಿಟ್ಟಿದ್ದಾಳೆ. ತರಗತಿಯ ಮುಂದೆ ಅವರ ಹೆಸರು, ಗಲ್ಲಿಯ ಗುರುತು ಬೇಡ.

ಮೊದಲು ಭೇಟಿಗಳ ಬಗ್ಗೆ. ಮೂರು ಭೇಟಿಯಲ್ಲೂ ಮಾತಾಡಿದ್ದು ತಂದೆಯೇ. ತಾಯಿಯ ಜೊತೆ ಒಬ್ಬರೇ ಕೂತಿದ್ದು ಯಾವಾಗ? ತಗಡಿನ ಗೋಡೆ, ಪಕ್ಕದ ಮನೆಗೆ ಎಲ್ಲ ಕೇಳಿಸುತ್ತದೆ. ಬೇರೆ ಜಾಗ ಹುಡುಕಿದಿರಾ? "ತಾಯಿ ಸಹಕರಿಸಲಿಲ್ಲ" ಎಂದು ಬರೆದಿದ್ದೀರಿ. ನಾಲ್ಕು ಮನೆ ಕೆಲಸ ಮುಗಿಸಿ ಬಂದವರ ಹತ್ತಿರ ಮಧ್ಯಾಹ್ನ ಎರಡಕ್ಕೆ ಹೋಗಿದ್ದಿರಿ. ಅವರಿಗೆ ಯಾವ ಹೊತ್ತು ಅನುಕೂಲ ಅಂತ ಕೇಳಿದ್ದಿರಾ? ನೀವೂ ಕನ್ನಡದವರು, ಆ ಕಡೆಯವರೇ. ಅದಕ್ಕೇ ಅವರು ಏನನ್ನು ಬಿಚ್ಚಿ ಹೇಳಿದರು? ಊರಿಗೆ ಸುದ್ದಿ ಹೋದೀತು ಅಂತ ಏನನ್ನು ಮುಚ್ಚಿಟ್ಟಿರಬಹುದು? ಆಸ್ಪತ್ರೆಯಲ್ಲಿ ಡಾಕ್ಟರ ಹಿಂದಿಯನ್ನು ತಾಯಿಗೆ ಹೇಳಿದ್ದು ಮಗಳು. ಅಪ್ಪನ ಕಾಯಿಲೆಯ ಮಾತನ್ನು ಅವಳ ಬಾಯಿಂದಲೇ ಹೇಳಿಸಬೇಕಿತ್ತಾ?

"ತಾಯಿ ಧೈರ್ಯವಂತೆ" ಅನ್ನೋದು ಹೊಗಳಿಕೆ. ಅದರಿಂದ ಯೋಜನೆ ಹುಟ್ಟುವುದಿಲ್ಲ. ಗಲ್ಲಿಯ ಹೆಂಗಸರು ಸೇರಿ ನಡೆಸುವ ಚೀಟಿ, ಆ ಭಿಶಿಯ ಲೆಕ್ಕ ಪೂರ್ತಿ ಅವರ ತಲೆಯಲ್ಲಿದೆ. ನಿಮ್ಮದೇ ಟಿಪ್ಪಣಿಯಲ್ಲಿರುವ ಈ ವಿಷಯ ಮೌಲ್ಯಮಾಪನದಲ್ಲಿ ಯಾಕಿಲ್ಲ? ಆ ಹೆಂಗಸರಲ್ಲಿ ಯಾರು ಸಣ್ಣ ಮಗನನ್ನು ನೋಡಿಕೊಳ್ಳಬಲ್ಲರು? ಅಪ್ಪನ ಮಾತ್ರೆಯ ಲೆಕ್ಕ ಮಗಳು ಬರೆದಿಡುತ್ತಾಳೆ. ನೀವು ಅದನ್ನು ಶಕ್ತಿ ಎಂದಿದ್ದೀರಿ. ಅವಳು ಶಾಲೆ ಬಿಡಲು ಅದೂ ಒಂದು ಕಾರಣವಲ್ವಾ? ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಅದು ಬರುತ್ತಿದೆಯಾ? ಯಾರ ಖಾತೆಗೆ?

ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದಕ್ಕೆ ನನ್ನ ಆಕ್ಷೇಪ ಇಲ್ಲ. ಬೇಡ ಅಂದಿದ್ದರೆ ಅವರಿಗೆ ನೋವಾಗುತ್ತಿತ್ತು. ಆದರೆ 500 ರೂಪಾಯಿ ಕೈಗಡ ಕೊಟ್ಟು ವರದಿಯ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ಆಮೇಲೆ ತಂದೆ ನಿಮ್ಮ ಹತ್ತಿರ ಮಾತಾಡುವ ರೀತಿ ಬದಲಾಯಿತಾ? ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಎತ್ತುತ್ತೀರಾ?

ಜಾಸ್ತಿ ಹೊತ್ತು ಮಾತಾಡಬೇಕಾದ ವಿಷಯ ಇದು. ಊರಲ್ಲಿ ತನ್ನ ಮದುವೆ ಮಾತು ನಡೆದಿದೆ ಅಂತ ಮಗಳು ಹೇಳಿದಳು. "ಅಕ್ಕಾ, ಯಾರಿಗೂ ಹೇಳಬೇಡಿ" ಅಂದಳು. ನೀವು ಹೂಂ ಅಂದಿರಿ. ಆ ಮಾತು ಕೊಡುವ ಹಕ್ಕು ನಿಮಗಿತ್ತಾ? 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ, 1098 ಸಹಾಯವಾಣಿ ಇದೆ. ನನಗೆ ಅದೇ ದಿನ ಯಾಕೆ ತಿಳಿಸಲಿಲ್ಲ? ಗುಟ್ಟು ಕಾಯಲು ಆಗಲ್ಲ ಅಂತ ಅವಳಿಗೆ ಯಾವ ಮಾತಲ್ಲಿ ಹೇಳುತ್ತೀರಿ? ಇದನ್ನು ನಾಳೆ ಬೆಳಿಗ್ಗೆಯೇ ನನ್ನ ಹತ್ತಿರ ಬಂದು ಮಾತಾಡಿ, ಶುಕ್ರವಾರದವರೆಗೆ ಕಾಯಬೇಡಿ.

ಏಪ್ರಿಲ್‌ನಲ್ಲಿ ನಿಮ್ಮ ಕ್ಷೇತ್ರಕಾರ್ಯ ಮುಗಿಯುತ್ತದೆ. ಅವರಿಗೆ ಇದನ್ನು ಹೇಳಿದ್ದೀರಾ? ಆಮೇಲೆ ಆ ಮನೆಗೆ ಯಾರು ಹೋಗುತ್ತಾರೆ?