ಏಳು ಪೇಪರು, ಐದು ವಾರ: ನಮ್ಮಿಬ್ಬರ ರಿವಿಷನ್ ಟೈಮ್ ಟೇಬಲ್

ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ ಕಣೇ. ಈ ಸೆಮಿಸ್ಟರಿನ ಐದು ವಿಷಯ, ಜೊತೆಗೆ ನಮ್ಮಿಬ್ಬರಿಗೂ ಉಳಿದಿರುವ ಎರಡು ಬ್ಯಾಕ್‌ಲಾಗ್, ಒಟ್ಟು ಏಳು. ಪರೀಕ್ಷೆಗೆ ಸರಿಯಾಗಿ ಐದು ವಾರ ಇದೆ. ಇದನ್ನು ಒಂದು ಸಲ ಪೂರ್ತಿ ಓದು. ಬದಲಾಯಿಸಬೇಕು ಅನಿಸಿದರೆ ಪೆನ್ಸಿಲ್‌ನಲ್ಲಿ ಗುರುತು ಹಾಕು.

ಮೊದಲು ಪರೀಕ್ಷೆಯ ಸಾಲು ನೋಡೋಣ, ಯಾಕೆಂದರೆ ತೊಂದರೆ ಇರುವುದೇ ಅಲ್ಲಿ. ಮೊದಲ ವಾರ ಸೋಮವಾರ ಕುಟುಂಬ ಕಾನೂನು, ಬುಧವಾರ ಸಾಕ್ಷ್ಯ, ಶುಕ್ರವಾರ ಅಪರಾಧ ಕಾನೂನು, ಶನಿವಾರ ಬ್ಯಾಕ್‌ಲಾಗ್ ಕಾಂಟ್ರಾಕ್ಟ್. ಎರಡನೇ ವಾರ ಸೋಮವಾರ ಆಸ್ತಿ ವರ್ಗಾವಣೆ, ಬುಧವಾರ ಆಡಳಿತ ಕಾನೂನು, ಗುರುವಾರ ಬ್ಯಾಕ್‌ಲಾಗ್ ಸಂವಿಧಾನ. ಶುಕ್ರವಾರ ಮೂರು ಗಂಟೆ ಬರೆದು ಕೈ ಸೋತಿರುತ್ತೆ, ಮರುದಿನ ಬೆಳಗ್ಗೆಯೇ ಕಾಂಟ್ರಾಕ್ಟ್. ಅವತ್ತು ಸಂಜೆ ಕಾಂಟ್ರಾಕ್ಟನ್ನು ಹೊಸದಾಗಿ ಓದುವುದು ಆಗದ ಮಾತು. ಒಂದೇ ಒಂದು ಹಾಳೆ ನೋಡಿ ಮಲಗುವ ಹಾಗಿರಬೇಕು. ಅದಕ್ಕೇ ಕಾಂಟ್ರಾಕ್ಟ್ ಓದಿನ ಮೊದಲ ವಾರದಲ್ಲೇ ಮುಗಿಯಬೇಕು. ಪರೀಕ್ಷೆ ದೂರ ಇದೆ ಅಂತ ಅದನ್ನು ಕೊನೆಗೆ ಇಟ್ಟರೆ ಮತ್ತೆ ಅದೇ ಕಥೆ.

ಸಮಯದ ಲೆಕ್ಕ ಇಷ್ಟು. ಕ್ಲಾಸಿರುವ ದಿನ ಬೆಳಗ್ಗೆ 5:30ರಿಂದ 7:00, ರಾತ್ರಿ 8:00ರಿಂದ 9:30. ಭಾನುವಾರ ಬೆಳಗ್ಗೆ 9ರಿಂದ 12, ಮಧ್ಯಾಹ್ನ 3ರಿಂದ 6. ಅಂದರೆ ವಾರಕ್ಕೆ 24 ಗಂಟೆ, ಐದು ವಾರಕ್ಕೆ 120. ದಿನಕ್ಕೆ ಎಂಟು ಗಂಟೆ ಓದುತ್ತೇವೆ ಅಂತ ಹೋದ ಸಲ ಬರೆದಿದ್ದೆವಲ್ಲ, ಆ ಹಾಳೆ ಮೂರನೇ ದಿನಕ್ಕೇ ಪುಸ್ತಕದ ಮಧ್ಯೆ ಸೇರಿತ್ತು. ಈ ಸಲ ಮೂರೇ ಗಂಟೆ, ಆದರೆ ನಿಜವಾದ ಮೂರು ಗಂಟೆ.

ಕೊನೆಯ ವಾರದ 24 ಗಂಟೆ ಬರೆಯುವುದಕ್ಕೆ ಮತ್ತು ಬಾಕಿ ತೀರಿಸುವುದಕ್ಕೆ. ಉಳಿದ 96 ಗಂಟೆಯನ್ನು ಏಳಕ್ಕೆ ಸಮನಾಗಿ ಹಂಚಿಲ್ಲ. ಸಾಕ್ಷ್ಯಕ್ಕೆ 20, ಆಸ್ತಿಗೆ 18, ಕಾಂಟ್ರಾಕ್ಟಿಗೆ 16, ಅಪರಾಧಕ್ಕೆ 14, ಸಂವಿಧಾನಕ್ಕೆ 12, ಆಡಳಿತಕ್ಕೆ 9, ಕುಟುಂಬಕ್ಕೆ 7. ಕುಟುಂಬ ಕಾನೂನಿಗೆ ಇಷ್ಟು ಕಡಿಮೆಯಾ ಅಂತ ನೀನು ಕೇಳ್ತೀಯ. ಅದು ನಮಗೆ ಈಗಾಗಲೇ ಬರುತ್ತೆ. ಇಂಟರ್ನಲ್ಸ್‌ನಲ್ಲಿ ಇಬ್ಬರಿಗೂ ಜಾಸ್ತಿ ಅಂಕ ಬಂದಿದ್ದು ಅದರಲ್ಲೇ. ಬರುವುದನ್ನೇ ಮತ್ತೆ ಮತ್ತೆ ಓದುವುದು ಖುಷಿ ಕೊಡುತ್ತೆ ಅಷ್ಟೇ, ಅಂಕ ಕೊಡಲ್ಲ.

ವಿಷಯಗಳನ್ನು ಜೋಡಿ ಮಾಡಿದ್ದೇನೆ. ಒಂದನ್ನು ಓದಿದರೆ ಇನ್ನೊಂದರಲ್ಲಿ ಅರ್ಧ ಕೆಲಸ ಆಗಿರಬೇಕು.

ಮೊದಲ ವಾರ: ಕಾಂಟ್ರಾಕ್ಟ್ ಮತ್ತು ಆಸ್ತಿ

ಸೋಮವಾರದಿಂದ ಶನಿವಾರ ಬೆಳಗ್ಗೆ ಕಾಂಟ್ರಾಕ್ಟ್, ರಾತ್ರಿ ಆಸ್ತಿ ವರ್ಗಾವಣೆ. ಭಾನುವಾರ ಎರಡಕ್ಕೂ ಮೂರು ಮೂರು ಗಂಟೆ.

ಇವೆರಡನ್ನೂ ಸೇರಿಸಿ ಓದಲು ಮೋಹರಿ ಬೀಬಿ ಕೇಸೇ ಸಾಕು. 1903ರ ಆ ತೀರ್ಪನ್ನು ನಾವು ಬರೀ ‘ಮೈನರ್ ಮಾಡಿದ ಕರಾರು ಶುರುವಿಂದಲೇ ಶೂನ್ಯ’ ಅಂತ ಬಾಯಿಪಾಠ ಮಾಡಿಕೊಂಡಿದ್ದೇವೆ. ಆ ಹುಡುಗ ಮಾಡಿದ್ದು ಏನು? ಅಡಮಾನ. ಅಲ್ಲಿಂದ ನೇರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 7ಕ್ಕೆ ಹೋಗಬಹುದು. ಕರಾರು ಮಾಡುವ ಯೋಗ್ಯತೆ ಇದ್ದವರು ಮಾತ್ರ ಆಸ್ತಿ ವರ್ಗಾಯಿಸಬಹುದು. ಕರಾರು ಕಾಯ್ದೆಯ ಸೆಕ್ಷನ್ 11, ಇಲ್ಲಿಯ ಸೆಕ್ಷನ್ 7, ಎರಡೂ ಒಂದೇ ಹಾಳೆಯಲ್ಲಿ ಇರಲಿ.

ಕಾಂಟ್ರಾಕ್ಟ್‌ನಲ್ಲಿ ಸೋಮ, ಮಂಗಳ ಪ್ರಸ್ತಾಪ ಮತ್ತು ಒಪ್ಪಿಗೆ. ಬುಧವಾರ ಪ್ರತಿಫಲ. ಗುರುವಾರ ಯೋಗ್ಯತೆ ಮತ್ತು ಸ್ವತಂತ್ರ ಒಪ್ಪಿಗೆ. ಶುಕ್ರವಾರ ಸೆಕ್ಷನ್ 56, ಸತ್ಯವ್ರತ ಘೋಷ್ ಕೇಸು (1954) ಸಮೇತ. ಶನಿವಾರ ನಷ್ಟ ಪರಿಹಾರ: ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ (1854), ಸೆಕ್ಷನ್ 73 ಮತ್ತು 74. ಒಂದು ಮಾತು ನನಗೇ ಹೇಳಿಕೊಳ್ಳಬೇಕು. ಹೋದ ಸಲ ಕಾರ್ಲಿಲ್ ಕೇಸಿನ ಹೊಗೆ ಉಂಡೆಯ ಕಥೆಯನ್ನೇ ಎರಡು ಪುಟ ಬರೆದು ಕೂತೆ. ಜಾಹೀರಾತು, ಜ್ವರ, ನೂರು ಪೌಂಡು, ಎಲ್ಲಾ ಬರೆದೆ. ಗಡಿಯಾರ ನೋಡುವಷ್ಟರಲ್ಲಿ ಐವತ್ತು ನಿಮಿಷ ಹೋಗಿತ್ತು. ಕೊನೆಯ ಎರಡು ಪ್ರಶ್ನೆ ಮುಟ್ಟಲೂ ಆಗಲಿಲ್ಲ. ಈ ಸಲ ಕೇಸಿನ ಸಂಗತಿ ಮೂರು ಸಾಲು, ತೀರ್ಪು ಎರಡು ಸಾಲು, ಮುಂದಕ್ಕೆ.

ಆಸ್ತಿಯಲ್ಲಿ ಈ ವಾರ ಸೆಕ್ಷನ್ 5, 6, 13, 14, 52 ಮತ್ತು 53ಎ. ಸೆಕ್ಷನ್ 14 ಒಂದೇ ರಾತ್ರಿಗೆ ತಲೆಗೆ ಹತ್ತಲ್ಲ, ಅದಕ್ಕೆ ಎರಡು ರಾತ್ರಿ ಕೊಟ್ಟಿದ್ದೇನೆ. 53ಎ ಓದುವಾಗ 2001ರ ತಿದ್ದುಪಡಿ ಮರೆಯಬೇಡ. ಆಮೇಲಿನ ಕರಾರು ನೋಂದಣಿ ಆಗಿರದಿದ್ದರೆ ಆ ರಕ್ಷಣೆ ಸಿಗಲ್ಲ. ಹಳೇ ನೋಟ್ಸ್‌ನಲ್ಲಿ ಇದು ಇಲ್ಲವೇ ಇಲ್ಲ. ಅಡಮಾನ, ಗುತ್ತಿಗೆ, ದಾನ ನಾಲ್ಕನೇ ವಾರಕ್ಕೆ.

ಎರಡನೇ ವಾರ: ಸಾಕ್ಷ್ಯ ಮತ್ತು ಅಪರಾಧ

ಬೆಳಗ್ಗೆ ಸಾಕ್ಷ್ಯ, ರಾತ್ರಿ ಅಪರಾಧ. ಭಾನುವಾರ ಸಾಕ್ಷ್ಯಕ್ಕೆ ಐದು ಗಂಟೆ, ಅಪರಾಧಕ್ಕೆ ಒಂದು.

ಇದು ಅತಿ ಭಾರದ ವಾರ. ನಮ್ಮ ಕೈಯಲ್ಲಿರುವ ಸೀನಿಯರ್ ನೋಟ್ಸ್ ಎಲ್ಲಾ ಹಳೇ ಕಾಯ್ದೆಯದು. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಐಪಿಸಿಯಲ್ಲಿ 511 ಸೆಕ್ಷನ್ ಇದ್ದದ್ದು ನ್ಯಾಯ ಸಂಹಿತೆಯಲ್ಲಿ 358. ತತ್ವ ಬಹುಪಾಲು ಅದೇ, ಹಳೇ ಕೇಸುಗಳೂ ನಡೆಯುತ್ತವೆ, ಆದರೆ ನಂಬರ್ ತಪ್ಪಿದರೆ ಉತ್ತರ ಪತ್ರಿಕೆ ನೋಡುವವರಿಗೆ ಓದಿಲ್ಲ ಅಂತಲೇ ಅನಿಸುತ್ತೆ. ಆದ್ದರಿಂದ ಸೋಮವಾರ ಬೆಳಗ್ಗೆ ಓದು ಇಲ್ಲ. ಒಂದೂವರೆ ಗಂಟೆ ಬೇರ್ ಆಕ್ಟ್ ಪಕ್ಕದಲ್ಲಿಟ್ಟುಕೊಂಡು ನೋಟ್ಸಿನ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಹೊಸ ನಂಬರ್ ಬರೆಯುವುದು. ಕೊಲೆ 300 ಈಗ 101, ಅದರ ಶಿಕ್ಷೆ 302 ಈಗ 103. ಕೊಲೆಯಾಗದ ನರಹತ್ಯೆಗೆ 299 ಹೋಗಿ 100, ಶಿಕ್ಷೆಗೆ 304 ಹೋಗಿ 105. ಕಳ್ಳತನ 378 ಈಗ 303. ಎಲ್ಲರ ಬಾಯಲ್ಲಿರುವ 420 ಈಗ 318ರ ನಾಲ್ಕನೇ ಉಪಸೆಕ್ಷನ್. ಪಾಪ, ಅಷ್ಟು ಹೆಸರು ಮಾಡಿದ ನಂಬರ್!

ಸಾಕ್ಷ್ಯದಲ್ಲಿ ತಪ್ಪೊಪ್ಪಿಗೆಗೆ ಬುಧ ಮತ್ತು ಗುರುವಾರ ಪೂರ್ತಿ. ನನ್ನ ಹಾಳೆಯಲ್ಲಿ ಇದು ಹೀಗಿದೆ, ನಿನಗೆ ಬೇಕಾದರೆ ನಕಲು ಮಾಡಿಕೋ:

ಪೊಲೀಸರ ಮುಂದೆ ಹೇಳಿದ್ದು: 23(1), ನಡೆಯಲ್ಲ. ಪೊಲೀಸರ ವಶದಲ್ಲಿದ್ದಾಗ ಹೇಳಿದ್ದು: 23(2), ಮ್ಯಾಜಿಸ್ಟ್ರೇಟರು ಎದುರಿಗೆ ಇದ್ದರೆ ಮಾತ್ರ. ಹೇಳಿದ್ದರಿಂದ ವಸ್ತು ಸಿಕ್ಕರೆ: 23ರ ಪರಂತುಕ, ಅಂದರೆ ಹಳೇ 27. ಪುಲುಕುರಿ ಕೊಟ್ಟಯ್ಯ, 1947. ‘ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕು ತೋರಿಸುತ್ತೇನೆ’ ಬರುತ್ತೆ. ‘ಅದರಿಂದಲೇ ಇರಿದೆ’ ಬರಲ್ಲ.

ಈ ಕೊನೆಯ ಎರಡು ವಾಕ್ಯ ಬರೆದರೆ ಪರಂತುಕ ಅರ್ಥವಾಗಿದೆ ಅಂತ ಗೊತ್ತಾಗುತ್ತೆ. ಉದ್ದ ವಿವರಣೆ ಬೇಡ. ಮರಣಕಾಲದ ಹೇಳಿಕೆ 26(ಎ), ಎಲೆಕ್ಟ್ರಾನಿಕ್ ದಾಖಲೆ 63, ಎಸ್ಟಾಪೆಲ್ 121 ಶುಕ್ರ ಮತ್ತು ಶನಿವಾರಕ್ಕೆ. ಸಾಕ್ಷಿ ವಿಚಾರಣೆ, ಪಾಟೀಸವಾಲು ಭಾನುವಾರ.

ಮೂರನೇ ವಾರ: ಸಂವಿಧಾನ ಮತ್ತು ಆಡಳಿತ

ಬೆಳಗ್ಗೆ ಸಂವಿಧಾನ, ರಾತ್ರಿ ಆಡಳಿತ. ಭಾನುವಾರ ಮೂರು ಗಂಟೆ ಸಂವಿಧಾನ, ಮೂರು ಗಂಟೆ ಕಾಂಟ್ರಾಕ್ಟ್ ಮತ್ತೊಮ್ಮೆ, ಪುಸ್ತಕ ಮುಚ್ಚಿಟ್ಟು.

ಬುಧವಾರ ಆಡಳಿತ, ಗುರುವಾರ ಸಂವಿಧಾನ ಅಂದಾಗ ನಾನೂ ಹೆದರಿದ್ದೆ. ಆಮೇಲೆ ನೋಡಿದರೆ ಅದು ನಮಗೆ ಅನುಕೂಲವೇ. ಮೇನಕಾ ಗಾಂಧಿ (1978) ಎರಡು ಪೇಪರಿಗೂ ಬೇಕು. ಸಂವಿಧಾನದಲ್ಲಿ 21ನೇ ವಿಧಿಗೆ, ಆಡಳಿತದಲ್ಲಿ ಅಹವಾಲು ಕೇಳದೆ ಪಾಸ್‌ಪೋರ್ಟ್ ಕಿತ್ತುಕೊಂಡದ್ದಕ್ಕೆ. 32 ಮತ್ತು 226ನೇ ವಿಧಿ, ಐದು ರಿಟ್‌ಗಳು ಎರಡರಲ್ಲೂ ಇವೆ. ರಿಟ್‌ಗಳನ್ನು ಮಂಗಳವಾರ ಬೆಳಗ್ಗೆ ಒಮ್ಮೆ ಓದಿದರೆ ಅವತ್ತಿನ ರಾತ್ರಿಯ ಆಡಳಿತ ಬೇಗ ಮುಗಿಯುತ್ತೆ. ಪಕ್ಷಪಾತಕ್ಕೆ ಕ್ರೈಪಕ್ ಕೇಸು (1969) ಮರೆಯುವ ಹಾಗೇ ಇಲ್ಲ. ಆಯ್ಕೆ ಮಂಡಳಿಯಲ್ಲಿ ಕೂತವರೊಬ್ಬರು ತಾವೇ ಅಭ್ಯರ್ಥಿ!

ಸಂವಿಧಾನದಲ್ಲಿ ತಿದ್ದುಪಡಿ ಅಧಿಕಾರವನ್ನು ಒಂದೇ ದಾರದಲ್ಲಿ ಪೋಣಿಸಿಕೋ: ಶಂಕರಿ ಪ್ರಸಾದ್ 1951, ಗೋಲಕನಾಥ್ 1967, ಕೇಶವಾನಂದ ಭಾರತಿ 1973, ಮಿನರ್ವ ಮಿಲ್ಸ್ 1980. ಕೇಶವಾನಂದದಲ್ಲಿ 13 ನ್ಯಾಯಮೂರ್ತಿಗಳು, 7ಕ್ಕೆ 6. ಕೇಂದ್ರ–ರಾಜ್ಯ ಸಂಬಂಧದಲ್ಲಿ ಬೊಮ್ಮಾಯಿ (1994) ಒಂದನ್ನು ಚೆನ್ನಾಗಿ ಓದುತ್ತೇವೆ, ಉಳಿದದ್ದು ಮೇಲಿಂದ ಮೇಲೆ. ವ್ಯಾಪಾರ–ವಾಣಿಜ್ಯದ ಅಧ್ಯಾಯ ಬಿಡುತ್ತಿದ್ದೇನೆ. ಬೇಕಾದರೆ ಬೈಯಿ.

ನಾಲ್ಕನೇ ವಾರ: ಬಿಟ್ಟದ್ದು, ಬಾಕಿ ಇದ್ದದ್ದು

ಸೋಮದಿಂದ ಗುರುವಾರ ಬೆಳಗ್ಗೆ ಆಸ್ತಿ, ರಾತ್ರಿ ಸಾಕ್ಷ್ಯ. ಶುಕ್ರ, ಶನಿ ಬೆಳಗ್ಗೆ ಅಪರಾಧ, ರಾತ್ರಿ ಕುಟುಂಬ. ಭಾನುವಾರ ಕುಟುಂಬಕ್ಕೆ ನಾಲ್ಕು ಗಂಟೆ, ಅಪರಾಧಕ್ಕೆ ಒಂದು, ಕಾಂಟ್ರಾಕ್ಟಿಗೆ ಒಂದು. ಕುಟುಂಬದಲ್ಲಿ ವಿವಾಹ ಕಾಯ್ದೆಯ 5, 13, 13ಬಿ ಆದ ಮೇಲೆ ಹೆಣ್ಣುಮಕ್ಕಳ ಆಸ್ತಿ ಹಕ್ಕು. 2005ರ ತಿದ್ದುಪಡಿ, ವಿನೀತಾ ಶರ್ಮಾ ಕೇಸು (2020). ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕು ಅಂತೇನಿಲ್ಲ.

ಐದನೇ ವಾರ: ಬರೆಯುವುದು

ಮಂಗಳ, ಗುರು, ಶನಿ ಬೆಳಗ್ಗೆ ಓದು ಇಲ್ಲ, ಸಂಜೆ 7ರಿಂದ 10ರವರೆಗೆ ಒಂದೊಂದು ಹಳೇ ಪ್ರಶ್ನೆಪತ್ರಿಕೆ. ಸಾಕ್ಷ್ಯ, ಕಾಂಟ್ರಾಕ್ಟ್, ಆಸ್ತಿ, ಇದೇ ಸಾಲಿನಲ್ಲಿ. ಸಾಕ್ಷ್ಯದ ಪತ್ರಿಕೆ ಹಳೇ ಕಾಯ್ದೆಯದಾದರೂ ಉತ್ತರದಲ್ಲಿ ಹೊಸ ನಂಬರೇ ಬರಬೇಕು. ಫೋನ್ ಪಕ್ಕದ ಕೋಣೆಯಲ್ಲಿ. ನಿನ್ನದು ನಾನು ತಿದ್ದುತ್ತೇನೆ, ನನ್ನದು ನೀನು. ಸುಮ್ನೆ ‘ಚೆನ್ನಾಗಿದೆ’ ಅಂತ ಬರೆಯಬೇಡ, ಯಾವ ಸೆಕ್ಷನ್ ತಪ್ಪಿದೆ ಅಂತ ಬರಿ. ಸೋಮ ಮತ್ತು ಶುಕ್ರವಾರ ಏಳೂ ವಿಷಯದ ಹಾಳೆಗಳು. ಬುಧವಾರದ ಮೂರು ಗಂಟೆ, ಭಾನುವಾರದ ಆರು ಗಂಟೆ ಖಾಲಿ ಬಿಟ್ಟಿದ್ದೇನೆ. ಒಬ್ಬರಿಗೆ ಜ್ವರ ಬಂದರೆ, ಮನೆಯಲ್ಲಿ ಏನಾದರೂ ಆದರೆ, ಆ ಒಂಬತ್ತು ಗಂಟೆಯಿಂದ ತೆಗೆದುಕೊಳ್ಳೋಣ. ಏನೂ ಆಗದಿದ್ದರೆ ಭಾನುವಾರ ಕುಟುಂಬದ ಹಾಳೆ ನೋಡಿ ಬೇಗ ಮಲಗುವುದು.

ಒಂದು ಷರತ್ತು. ಒಂದು ದಿನದ ಓದು ತಪ್ಪಿದರೆ ಅದನ್ನು ಮರುದಿನದ ಮೇಲೆ ಹೇರುವ ಹಾಗಿಲ್ಲ. ಅದು ಐದನೇ ವಾರದ ಬುಧವಾರಕ್ಕೆ ಹೋಗುತ್ತೆ. ಗೋಡೆಯ ಹಾಳೆಯಲ್ಲಿ ಆ ದಿನದ ಮೇಲೆ ಗೀಟು ಎಳೆದು ಮುಂದೆ ಹೋಗು.

ಸೋಮವಾರ 5:30ಕ್ಕೆ ನಾನು ಫೋನ್ ಮಾಡುತ್ತೇನೆ. ಮಂಗಳವಾರ ನಿನ್ನ ಸರದಿ. ಕಾಂಟ್ರಾಕ್ಟ್ ಬೇರ್ ಆಕ್ಟ್ ನಿನ್ನ ಹತ್ತಿರವೇ ಇದೆ ಅಲ್ವಾ, ಭಾನುವಾರ ರಾತ್ರಿಯೊಳಗೆ ಸೆಕ್ಷನ್ 2ರಿಂದ 9ರವರೆಗಿನ ಪುಟಗಳ ಫೋಟೋ ಕಳಿಸು.