ಗದ್ದೆಯಲ್ಲಿಟ್ಟ ಕೂಣಿ: ಒಂದು ಸಮಸ್ಯೆ, ಒಂದು ಉತ್ತರ

ಸಮಸ್ಯೆ: ತರಗತಿಗಾಗಿ ನಾವೇ ಕಟ್ಟಿಕೊಂಡ ಕಲಂ ಇದು. "ಜೂನ್ ಮತ್ತು ಜುಲೈನಲ್ಲಿ ಹೊಳೆ ಅಥವಾ ಹಳ್ಳದಲ್ಲಿ ಮೀನಿನ ದಾರಿಗೆ ಅಡ್ಡವಾಗಿ ಬಲೆ ಅಥವಾ ಬೇರೆ ಸಾಧನ ಇಟ್ಟವರಿಗೆ 6 ತಿಂಗಳವರೆಗೆ ಜೈಲು." ಮೊಟ್ಟೆ ಇಡಲು ಮೇಲೇರುವ ಮೀನನ್ನು ಉಳಿಸುವುದು ಉದ್ದೇಶವೆಂದು ಮುನ್ನುಡಿಯಲ್ಲಿದೆ. ತೀರ್ಥಹಳ್ಳಿ ಕಡೆಯ ರೈತನೊಬ್ಬ ಮೊದಲ ಮಳೆಗೆ ತನ್ನ ಗದ್ದೆಯ ನೀರು ಹಳ್ಳಕ್ಕೆ ಬೀಳುವ ಬಾಯಿಯಲ್ಲಿ, ಬದುವಿನ ಒಳಗೆ, ಕೂಣಿ ಎಂಬ ಮೀನು ಹಿಡಿಯುವ ಬುಟ್ಟಿ ಇಟ್ಟು ಹತ್ತು ಮೀನು ಹಿಡಿದ. ಅವನು ಅಪರಾಧಿಯೇ?

ಉತ್ತರ: ಕಲಂಗೆ ಅರ್ಥ ಮಾಡುವ ಮೂರು ನಿಯಮಗಳನ್ನು ಹಚ್ಚಿ ನೋಡೋಣ. ಮೊದಲು ಅಕ್ಷರಶಃ ನಿಯಮ, ಅಂದರೆ ಮಾತನ್ನು ಇದ್ದ ಹಾಗೇ ಓದುವುದು. ಕೂಣಿ ಬಲೆಯಲ್ಲ, ಬಿದಿರಿನದ್ದು. ಆದರೆ 'ಬೇರೆ ಸಾಧನ' ಅಂತೂ ಹೌದು. ಜಾಗದ ಮಾತು ಬೇರೆ. ಮಲೆನಾಡಿನಲ್ಲಿ ಗದ್ದೆಯನ್ನು ಹಳ್ಳ ಅಂತ ಯಾರೂ ಕರೆಯುವುದಿಲ್ಲ, ಅಲ್ವಾ? ಇಂಗ್ಲೆಂಡಿನ 1868ರ ವೈಟ್ಲಿ ವಿರುದ್ಧ ಚಾಪೆಲ್ ಪ್ರಕರಣದಲ್ಲಿ ಸತ್ತವನ ಹೆಸರಲ್ಲಿ ಮತ ಹಾಕಿದವನೂ ಪಾರಾದ. ಕಾನೂನು ಹೇಳಿದ್ದು 'ಮತದಾನದ ಹಕ್ಕಿರುವವನ' ಹೆಸರಲ್ಲಿ ಹಾಕಿದರೆ ಅಂತ. ಸತ್ತವನಿಗೆ ಎಲ್ಲಿಯ ಹಕ್ಕು? ಹಾಗೇ ನಮ್ಮ ರೈತನೂ ಪಾರು.

ನೇರ ಅರ್ಥ ಅಸಂಬದ್ಧವಾದರೆ ಅದನ್ನು ತುಸು ತಿದ್ದಿ ಓದುವ ಸುವರ್ಣ ನಿಯಮ ಇಲ್ಲಿ ಸ್ವಲ್ಪವೇ ಕೆಲಸಕ್ಕೆ ಬರುತ್ತದೆ. 'ಸಾಧನ'ವನ್ನು ತೀರಾ ಅಗಲವಾಗಿ ಓದಿದರೆ ತೋಟಕ್ಕೆ ನೀರು ತಿರುಗಿಸಲು ಹಳ್ಳಕ್ಕೆ ಕಲ್ಲು ಜೋಡಿಸಿದವನೂ ಜೈಲಿಗೆ ಹೋಗಬೇಕು. ಅದು ಅಸಂಬದ್ಧ. ಆದ್ದರಿಂದ ಮೀನು ಹಿಡಿಯುವ ಸಾಧನಕ್ಕೇ ಅರ್ಥ ಕುಗ್ಗಿಸೋಣ. ಗದ್ದೆ ಹೊರಗುಳಿದರೆ ಮಾತ್ರ ಅಸಂಬದ್ಧವೇನೂ ಆಗುವುದಿಲ್ಲ.

ಸರ್ಕಾರಿ ವಕೀಲರ ಬಲವಿರುವುದು ಮಿಸ್ಚೀಫ್ ನಿಯಮದಲ್ಲಿ, ಅಂದರೆ ಕಾನೂನು ಯಾವ ಕೇಡನ್ನು ತಡೆಯಲು ಬಂತೋ ಅದನ್ನು ನೋಡಿ ಅರ್ಥ ಮಾಡುವುದರಲ್ಲಿ. 1584ರ ಹೇಡನ್ ಪ್ರಕರಣದಂತೆ ಕೇಳಬೇಕು: ಮೊದಲು ಕಾನೂನು ಏನಿತ್ತು, ಯಾವ ಕೇಡಿಗೆ ಅದು ಮದ್ದಾಗಿರಲಿಲ್ಲ, ಶಾಸಕಾಂಗ ಯಾವ ಮದ್ದು ಕೊಟ್ಟಿತು, ಯಾಕೆ ಕೊಟ್ಟಿತು? ಕೇಡು ಅಂದರೆ ಬಸುರಿ ಮೀನು ದಾರಿಯಲ್ಲೇ ಸಾಯುವುದು. ಹಳ್ಳದಿಂದ ಗದ್ದೆಗೆ ಹತ್ತುವ ಮೀನಿಗೆ ಬದುವಿನ ಆಚೆ ಈಚೆ ಎರಡೂ ಒಂದೇ. 1960ರ ಸ್ಮಿತ್ ವಿರುದ್ಧ ಹ್ಯೂಸ್ ಪ್ರಕರಣದಲ್ಲಿ ಮನೆಯ ಬಾಲ್ಕನಿ, ಕಿಟಕಿಗಳಿಂದ ದಾರಿಹೋಕರನ್ನು ಕರೆದ ವೇಶ್ಯೆಯರಿಗೂ 'ರಸ್ತೆಯಲ್ಲಿ' ಎಂಬ ಕಲಂ ತಗುಲಿತು. ಈ ವಾದವನ್ನು ಸುಮ್ನೆ ತಳ್ಳಿಹಾಕಿದರೆ ಅಂಕ ಹೋಗುತ್ತದೆ.

ಆದರೂ ನಾನು ರೈತನ ಪರ. ಇದು ದಂಡನೆಯ ಕಲಂ. ಎರಡು ಅರ್ಥಕ್ಕೂ ಜಾಗವಿದ್ದರೆ ಶಿಕ್ಷೆಯಿಂದ ಪಾರು ಮಾಡುವ ಅರ್ಥದ ಕಡೆಗೇ ವಾಲಬೇಕು ಎಂದು ಸುಪ್ರೀಂ ಕೋರ್ಟ್ 1954ರ ತೋಲಾರಾಂ ರೇಲುಮಲ್ ಪ್ರಕರಣದಲ್ಲಿ ಹೇಳಿದೆ. ಕೇಡು ತಡೆಯಲು ಮಾತಿಗೆ ಇಲ್ಲದ ಅರ್ಥ ತುಂಬುವಂತಿಲ್ಲ. ಹೊಳೆ, ಹಳ್ಳ ಎಂದು ಬರೆದವರಿಗೆ ಗದ್ದೆ ಎಂದು ಸೇರಿಸುವುದು ಎಷ್ಟು ಹೊತ್ತಿನ ಕೆಲಸ? ಕೂಣಿ ಬದುವಿನಿಂದ ಒಂದು ಮಾರು ಕೆಳಗೆ, ಹಳ್ಳದಲ್ಲೇ ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಆರೋಪಿ ಬಿಡುಗಡೆ. ಕೂಣಿಯನ್ನೂ ವಾಪಸ್ ಕೊಡಬೇಕು.